ಎಚ್ಚರಿಕೆ ಪತ್ರದ ಅವಧಿ ಮುಗಿದ ಮೂರು ವಾರಕ್ಕೆ: ಏರ್‌ಬಸ್ ಫಿಟ್ಟರ್‌ನ ವಜಾ ಪ್ರಕರಣ

2005ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ನಿನ ಏರ್‌ಬಸ್ ಕಂಪನಿಯ ಐವರು ಕೆಲಸಗಾರರು ಲಾಕರ್ ಕೋಣೆಯಲ್ಲಿ ಕುಳಿತು ಟಿವಿ ನೋಡುತ್ತಿದ್ದಾಗ ಸಿಕ್ಕಿಬಿದ್ದರು. ಅದು ಊಟದ ಹೊತ್ತೂ ಅಲ್ಲ, ಚಹಾದ ಹೊತ್ತೂ ಅಲ್ಲ. ಅವರು ಕೆಲಸದಲ್ಲಿರಬೇಕಾಗಿದ್ದ ಸಮಯ. ಕಂಪನಿ ಐವರ ಮೇಲೂ ಶಿಸ್ತು ಕ್ರಮ ಹೂಡಿತು. ಐವರ ತಪ್ಪೂ ಒಂದೇ, ಅದಕ್ಕೆ ಕೊಟ್ಟ ಹೆಸರೂ ಒಂದೇ: ಗಂಭೀರ ದುರ್ನಡತೆ. ಆದರೆ ಶಿಕ್ಷೆ ಒಂದೇ ಆಗಲಿಲ್ಲ. ನಾಲ್ವರಿಗೆ ಅಂತಿಮ ಲಿಖಿತ ಎಚ್ಚರಿಕೆ ಕೊಟ್ಟು ಕೆಲಸದಲ್ಲಿ ಉಳಿಸಿಕೊಂಡರು. ಐದನೆಯವನನ್ನು, ವಿಮಾನದ ಬಿಡಿಭಾಗ ಜೋಡಿಸುವ ಫಿಟ್ಟರ್ ಒಬ್ಬನನ್ನು, ವಜಾ ಮಾಡಿದರು.

ಆತನ ಹಿಂದೆ ಒಂದು ಕಥೆ ಇತ್ತು. ಹಿಂದಿನ ವರ್ಷದ ಬೇಸಿಗೆಯಲ್ಲಿ, ಕೆಲಸ ಮಾಡಬೇಕಾದ ಹೊತ್ತಿನಲ್ಲಿ ತನ್ನ ಕಾರನ್ನು ತೊಳೆಯುತ್ತಿದ್ದಾಗ ಆತ ಸಿಕ್ಕಿಬಿದ್ದಿದ್ದ. ಆಗಲೇ ಒಮ್ಮೆ ವಜಾ ಆಗಿತ್ತು. ಕಂಪನಿಯೊಳಗಿನ ಮೇಲ್ಮನವಿಯಲ್ಲಿ ಆ ವಜಾ ಶಿಕ್ಷೆಯನ್ನು ಅಂತಿಮ ಲಿಖಿತ ಎಚ್ಚರಿಕೆಗೆ ಇಳಿಸಿದ್ದರು. ಆ ಎಚ್ಚರಿಕೆ ಹನ್ನೆರಡು ತಿಂಗಳು ಕಡತದಲ್ಲಿರುತ್ತದೆ, ಅಷ್ಟರಲ್ಲಿ ಮತ್ತೆ ತಪ್ಪಾದರೆ ಕೆಲಸ ಹೋಗುವ ಸಂಭವವೇ ಹೆಚ್ಚು ಎಂಬುದು ಪತ್ರದ ಸಾರ. ಹನ್ನೆರಡು ತಿಂಗಳು ಕಳೆದವು, ಏನೂ ಆಗಲಿಲ್ಲ. ಅವಧಿ ಮುಗಿದು ಸುಮಾರು ಮೂರು ವಾರಕ್ಕೆ ಟಿವಿ ಪ್ರಸಂಗ ನಡೆಯಿತು.

ಶಿಕ್ಷೆಯಲ್ಲಿ ಭೇದವೇಕೆ ಎಂಬ ಪ್ರಶ್ನೆಗೆ ಕಂಪನಿ ಏನನ್ನೂ ಮುಚ್ಚಿಡಲಿಲ್ಲ. ನಾಲ್ವರ ದಾಖಲೆ ಶುಭ್ರವಾಗಿತ್ತು, ಇವನದು ಹಾಗಿರಲಿಲ್ಲ ಎಂದೇ ಹೇಳಿತು. ಅಲ್ಲಿಗೆ ವ್ಯಾಜ್ಯಕ್ಕೆ ಸಾಮಗ್ರಿ ಸಿದ್ಧವಾಯಿತು. ಅವಧಿ ಮುಗಿದ ಪತ್ರವನ್ನು ಮತ್ತೆ ತೆಗೆದು ನೋಡುವ ಹಕ್ಕು ಕಂಪನಿಗೆ ಇದೆಯೇ? ಇದ್ದರೆ ಹನ್ನೆರಡು ತಿಂಗಳು ಎಂದು ಬರೆದುಕೊಟ್ಟ ಮಾತಿಗೆ ಬೆಲೆ ಏನು? ಇಲ್ಲದಿದ್ದರೆ, ಒಂದು ವರ್ಷದ ಹಿಂದೆ ಇಂಥದೇ ತಪ್ಪಿಗೆ ಕೆಲಸ ಕಳೆದುಕೊಳ್ಳುವ ಹಂತಕ್ಕೆ ಹೋಗಿ ಬಂದವನನ್ನು, ಮೊದಲ ಸಲ ಎಡವಿದವರ ಜೊತೆ ಒಂದೇ ಸಾಲಿನಲ್ಲಿ ನಿಲ್ಲಿಸಬೇಕೇ? ಏರ್‌ಬಸ್ ಯುಕೆ ವಿರುದ್ಧ ವೆಬ್ ಎಂಬ ಹೆಸರಿನಲ್ಲಿ ಈ ಪ್ರಕರಣ ಇಂಗ್ಲೆಂಡಿನ ಕೋರ್ಟ್ ಆಫ್ ಅಪೀಲ್‌ವರೆಗೆ ಹೋಯಿತು. 2008ರಲ್ಲಿ ತೀರ್ಪು ಬಂತು.

ಆರು ತಿಂಗಳು, ಹನ್ನೆರಡು ತಿಂಗಳು ಎಲ್ಲಿಂದ ಬಂದವು

ಬ್ರಿಟನ್ನಿನಲ್ಲಿ ಎಚ್ಚರಿಕೆ ಪತ್ರದ ಆಯುಷ್ಯ ಇಷ್ಟೇ ಎಂದು ಹೇಳುವ ಕಾಯ್ದೆ ಇಲ್ಲ. ಅಕಾಸ್ ಎಂಬ ಸಾರ್ವಜನಿಕ ಸಂಸ್ಥೆಯೊಂದಿದೆ. ಮಾಲೀಕರು ಮತ್ತು ನೌಕರರ ನಡುವಿನ ತಕರಾರು ಬಗೆಹರಿಸುವುದು, ಶಿಸ್ತು ಕ್ರಮ ಹೇಗೆ ನಡೆಸಬೇಕೆಂದು ಸಂಹಿತೆ ಹೊರಡಿಸುವುದು ಅದರ ಕೆಲಸ. ಆ ಸಂಹಿತೆ ಕೇಳುವುದು ಇಷ್ಟು: ಎಚ್ಚರಿಕೆ ಪತ್ರದಲ್ಲಿ ತಪ್ಪು ಏನು, ಏನನ್ನು ತಿದ್ದಿಕೊಳ್ಳಬೇಕು, ಎಷ್ಟು ಕಾಲದೊಳಗೆ ಎಂದು ಬರೆಯಬೇಕು, ಎಚ್ಚರಿಕೆ ಎಷ್ಟು ದಿನ ಚಾಲ್ತಿಯಲ್ಲಿರುತ್ತದೆ ಎಂದು ನೌಕರನಿಗೆ ತಿಳಿಸಬೇಕು, ಮತ್ತೆ ತಪ್ಪಿದರೆ ಏನಾಗುತ್ತದೆ ಎಂಬುದೂ ಅದರಲ್ಲಿರಬೇಕು. ಮೊದಲ ಲಿಖಿತ ಎಚ್ಚರಿಕೆಗೆ ಆರು ತಿಂಗಳು, ಅಂತಿಮ ಎಚ್ಚರಿಕೆಗೆ ಹನ್ನೆರಡು ತಿಂಗಳು ಎಂಬ ಲೆಕ್ಕ ಅಕಾಸ್ ಮಾರ್ಗದರ್ಶಿಯಲ್ಲಿ ಉದಾಹರಣೆಯ ರೂಪದಲ್ಲಿ ಬರುತ್ತದೆ. ಬಹಳಷ್ಟು ಕಂಪನಿಗಳು ಅದನ್ನೇ ತಮ್ಮ ನಿಯಮಾವಳಿಗೆ ಇಳಿಸಿಕೊಂಡಿವೆ. ಹಾಗಾಗಿ ನೌಕರರ ಮಟ್ಟಿಗೆ ಅದು ಕಾನೂನಿನಷ್ಟೇ ಗಟ್ಟಿಯಾಗಿ ಕೂತುಬಿಟ್ಟಿದೆ.

ಮಾರ್ಗದರ್ಶಿಯಲ್ಲಿ ಇನ್ನೊಂದು ಮಾತಿದೆ. ಅದನ್ನು ಓದುವವರು ಕಡಿಮೆ. ಎಚ್ಚರಿಕೆ ಚಾಲ್ತಿಯಲ್ಲಿರುವಷ್ಟು ದಿನ ಸರಿಯಾಗಿದ್ದು, ಅವಧಿ ಮುಗಿದ ಕೂಡಲೇ ಹಳೆಯ ಚಾಳಿಗೆ ಮರಳುವವರಿರುತ್ತಾರೆ. ಅಂಥ ಕ್ರಮ ಕಂಡುಬಂದರೆ, ಮುಂದಿನ ಎಚ್ಚರಿಕೆಯ ಅವಧಿ ನಿಗದಿಪಡಿಸುವಾಗ ನೌಕರನ ಹಿಂದಿನ ದಾಖಲೆಯನ್ನು ಗಮನಕ್ಕೆ ತೆಗೆದುಕೊಳ್ಳಬಹುದು ಎನ್ನುತ್ತದೆ ಅದು. ಅಂದರೆ ಅವಧಿ ಮುಗಿದದ್ದೆಲ್ಲ ಅಳಿಸಿಹೋಗುತ್ತದೆ ಎಂದು ಅಕಾಸ್ ಕೂಡ ಭಾವಿಸಿರಲಿಲ್ಲ.

ಚಾಲ್ತಿಯಲ್ಲಿರುವ ಎಚ್ಚರಿಕೆಯ ಬಲ ಎಷ್ಟು ಎಂಬುದನ್ನು ಮೊದಲು ಹೇಳಬೇಕು. ಆಗಲೇ ಮುಗಿದ ಎಚ್ಚರಿಕೆಯ ಸ್ಥಿತಿ ಅರ್ಥವಾಗುತ್ತದೆ. ಅಂತಿಮ ಎಚ್ಚರಿಕೆ ಚಾಲ್ತಿಯಲ್ಲಿರುವಾಗ ನೌಕರ ಮತ್ತೊಂದು ತಪ್ಪು ಮಾಡಿದರೆ, ಆ ತಪ್ಪು ತಾನೇ ವಜಾ ಮಾಡುವಷ್ಟು ದೊಡ್ಡದಾಗಿರಬೇಕಿಲ್ಲ. ಹಿಂದಿನದು ತಡವಾಗಿ ಬಂದದ್ದಕ್ಕೆ, ಈಗಿನದು ಮೇಲಧಿಕಾರಿಗೆ ಒರಟಾಗಿ ಮಾತನಾಡಿದ್ದಕ್ಕೆ ಎಂದಾದರೂ ಸರಿ, ಸಾಮಾನ್ಯವಾಗಿ ವಜಾ ನಿಲ್ಲುತ್ತದೆ. ವಿಂಕಾಂಟನ್ ಎಂಬ ಕಂಪನಿಯ ಪ್ರಕರಣದಲ್ಲಿ ಬ್ರಿಟನ್ನಿನ ಉದ್ಯೋಗ ಮೇಲ್ಮನವಿ ನ್ಯಾಯಮಂಡಳಿ ಇದನ್ನು ಸ್ಪಷ್ಟವಾಗಿ ಹೇಳಿದೆ: ಅಂತಿಮ ಎಚ್ಚರಿಕೆಯ ಅರ್ಥವೇ ಮುಂದಿನ ಯಾವುದೇ ಬಗೆಯ ದುರ್ನಡತೆ ಸಾಮಾನ್ಯವಾಗಿ ವಜಾದಲ್ಲಿ ಕೊನೆಗೊಳ್ಳುತ್ತದೆ ಎಂಬುದು. ಆ ಹಳೆಯ ಎಚ್ಚರಿಕೆ ಸರಿಯೋ ತಪ್ಪೋ ಎಂದು ನ್ಯಾಯಮಂಡಳಿ ಮತ್ತೆ ಕೆದಕುವುದಿಲ್ಲ. ದ್ವೇಷದಿಂದ ಕೊಟ್ಟದ್ದು, ಮೇಲ್ನೋಟಕ್ಕೂ ಆಧಾರವಿಲ್ಲದ್ದು ಅಥವಾ ಕಣ್ಣಿಗೆ ರಾಚುವಷ್ಟು ಅನುಚಿತವಾದದ್ದು ಎಂದಾದರೆ ಮಾತ್ರ ಬೇರೆ ಮಾತು. ಅದಕ್ಕೇ ಎಚ್ಚರಿಕೆ ಬಂದಾಗ ಕೆಲಸವಂತೂ ಉಳಿಯಿತಲ್ಲ ಎಂದು ಸುಮ್ಮನಾಗಿ, ಮೇಲ್ಮನವಿ ಸಲ್ಲಿಸದೆ ಬಿಡುವವರು ಮುಂದೆ ಪೇಚಿಗೆ ಸಿಲುಕುತ್ತಾರೆ. ಜಗಳವಾಡಬೇಕಾದ ಜಾಗ ಆ ಮೊದಲ ಪತ್ರ. ವಜಾ ಆದಮೇಲೆ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿರುತ್ತದೆ.

ಹೀಗೆ ಚಾಲ್ತಿಯಲ್ಲಿರುವ ಎಚ್ಚರಿಕೆ ಸಣ್ಣ ತಪ್ಪನ್ನೂ ವಜಾದ ಮಟ್ಟಕ್ಕೆ ಏರಿಸುತ್ತದೆ. ಅವಧಿ ಮುಗಿದಾಗ ಆ ಏರಿಸುವ ಶಕ್ತಿ ಹೋಗುತ್ತದೆ. ಅದರಾಚೆಗೆ ಅದರಲ್ಲಿ ಏನಾದರೂ ಉಳಿಯುತ್ತದೆಯೇ ಎಂಬುದೇ ಏರ್‌ಬಸ್ ಪ್ರಕರಣದ ಪ್ರಶ್ನೆ.

ಸ್ಕಾಟ್ಲೆಂಡಿನ ಸ್ಫೋಟ

ಫಿಟ್ಟರ್ ಕೆಳಗಿನ ಎರಡೂ ಹಂತಗಳಲ್ಲಿ, ಉದ್ಯೋಗ ನ್ಯಾಯಮಂಡಳಿಯಲ್ಲೂ ಅದರ ಮೇಲಿನ ಮೇಲ್ಮನವಿ ನ್ಯಾಯಮಂಡಳಿಯಲ್ಲೂ ಗೆದ್ದ. ಆ ಗೆಲುವಿನ ಬೆನ್ನಿಗಿದ್ದದ್ದು 2006ರ ಒಂದು ತೀರ್ಪು: ಸ್ಕಾಟ್ಲೆಂಡಿನ ಕೋರ್ಟ್ ಆಫ್ ಸೆಷನ್ ಕೊಟ್ಟ ಡಯೋಸಿಂತ್ ಪ್ರಕರಣದ ತೀರ್ಪು.

ಡಯೋಸಿಂತ್ ರಾಸಾಯನಿಕ ತಯಾರಿಸುವ ಕಂಪನಿ. ಸುರಕ್ಷತಾ ವಿಧಾನವನ್ನು ಪಾಲಿಸಲಿಲ್ಲ ಎಂದು ಅಲ್ಲಿನ ಕೆಲಸಗಾರನೊಬ್ಬನಿಗೆ 2000ದ ಜುಲೈನಲ್ಲಿ ಹನ್ನೆರಡು ತಿಂಗಳ ಲಿಖಿತ ಎಚ್ಚರಿಕೆ ಕೊಟ್ಟಿದ್ದರು. 2001ರ ಜುಲೈಗೆ ಅವಧಿ ಮುಗಿಯಿತು. ಅದೇ ನವೆಂಬರ್‌ನಲ್ಲಿ ಕಾರ್ಖಾನೆಯಲ್ಲಿ ಸ್ಫೋಟವಾಗಿ ಒಬ್ಬ ಕೆಲಸಗಾರ ಸತ್ತ. ತನಿಖೆ ನಡೆದಾಗ ಈತ ಮತ್ತೆ ಅದೇ ಬಗೆಯ ಸುರಕ್ಷತಾ ವಿಧಾನವನ್ನು ತಪ್ಪಿಸಿದ್ದು ಬಯಲಾಯಿತು. ಕಂಪನಿ ವಜಾ ಮಾಡಿತು. ವಿಚಾರಣೆಯಲ್ಲಿ ಸ್ಪಷ್ಟವಾದದ್ದು ಏನೆಂದರೆ, ಹಳೆಯ ಎಚ್ಚರಿಕೆ ಇರದಿದ್ದರೆ ಈತನನ್ನು ವಜಾ ಮಾಡುತ್ತಿರಲಿಲ್ಲ.

ಸಾವು ಸಂಭವಿಸಿದ ಪ್ರಕರಣ. ತಪ್ಪೂ ಅದೇ ತಪ್ಪು. ಸಾಮಾನ್ಯರ ನ್ಯಾಯಪ್ರಜ್ಞೆಗೆ ವಜಾ ಸರಿ ಎಂದೇ ಅನಿಸುತ್ತದೆ. ಆದರೂ ನ್ಯಾಯಾಲಯ ವಜಾ ಅನ್ಯಾಯ ಎಂದಿತು. ಕಾರಣ ಸರಳ: ಹನ್ನೆರಡು ತಿಂಗಳು ಎಂದು ಬರೆದುಕೊಟ್ಟ ಮೇಲೆ, ಆ ಪತ್ರ ಹೇಳಿದ್ದನ್ನೇ ಅರ್ಥೈಸುತ್ತದೆ ಎಂದು ನಂಬುವ ಹಕ್ಕು ನೌಕರನಿಗೆ ಇದೆ. ಕಂಪನಿ ತನ್ನ ಮಾತಿಗೆ ತಾನೇ ಗಡುವು ಹಾಕಿಕೊಂಡಿತ್ತು. ಗಡುವು ಕಳೆದ ಮೇಲೆ ಆ ಪತ್ರವನ್ನೇ ತಕ್ಕಡಿಯ ಕೊನೆಯ ಕಲ್ಲನ್ನಾಗಿ ಹಾಕಿ ವಜಾದ ಕಡೆಗೆ ವಾಲಿಸುವಂತಿಲ್ಲ.

ಏರ್‌ಬಸ್ ಪ್ರಕರಣ ಕೇಳಿದ ನ್ಯಾಯಮಂಡಳಿಗಳಿಗೆ ಇದು ಕಟ್ಟುನಿಟ್ಟಿನ ನಿಯಮದ ಹಾಗೆ ಕಂಡಿತು. ಅವಧಿ ಮುಗಿದ ಎಚ್ಚರಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ವಜಾ ಅನ್ಯಾಯ. ಏರ್‌ಬಸ್ ತೆಗೆದುಕೊಂಡಿದೆ, ಅದನ್ನು ಒಪ್ಪಿಕೊಂಡೂ ಇದೆ. ಹಾಗಾಗಿ ಬೇರೆ ಮಾತಿಗೆ ಜಾಗವಿಲ್ಲ.

ಕೋರ್ಟ್ ಆಫ್ ಅಪೀಲ್ ಬಿಡಿಸಿದ ಗಂಟು

ಕೋರ್ಟ್ ಆಫ್ ಅಪೀಲ್‌ನಲ್ಲಿ ಮುಖ್ಯ ತೀರ್ಪು ಬರೆದವರು ನ್ಯಾಯಮೂರ್ತಿ ಮಮ್ಮರಿ. ಅವರು ಹಿಡಿದ ದಾರಿ, ಪತ್ರವನ್ನು ಬದಿಗಿಟ್ಟು ಮೊದಲು ಕಾಯ್ದೆಯನ್ನು ಓದುವುದು.

ಬ್ರಿಟನ್ನಿನ 1996ರ ಉದ್ಯೋಗ ಹಕ್ಕುಗಳ ಕಾಯ್ದೆಯ 98ನೇ ಸೆಕ್ಷನ್ ಎರಡು ಪ್ರಶ್ನೆ ಕೇಳುತ್ತದೆ. ಒಂದು, ವಜಾಕ್ಕೆ ಕಾರಣವೇನು? ಅದನ್ನು ತೋರಿಸಬೇಕಾದದ್ದು ಮಾಲೀಕ. ನೌಕರನ ನಡತೆ ಒಪ್ಪತಕ್ಕ ಕಾರಣಗಳಲ್ಲಿ ಒಂದು. ಎರಡು, ಎಲ್ಲ ಸಂದರ್ಭಗಳನ್ನು ಗಮನಿಸಿದರೆ, ಆ ಕಾರಣವನ್ನು ವಜಾಕ್ಕೆ ಸಾಕು ಎಂದು ಮಾಲೀಕ ಪರಿಗಣಿಸಿದ್ದು ಸಮಂಜಸವೇ? ಇದನ್ನು ನ್ಯಾಯ ಮತ್ತು ಪ್ರಕರಣದ ಒಟ್ಟಾರೆ ತಿರುಳನ್ನು ನೋಡಿ ತೀರ್ಮಾನಿಸಬೇಕು. ಇಲ್ಲಿ ನ್ಯಾಯಮಂಡಳಿ ತಾನಾಗಿದ್ದರೆ ಏನು ಮಾಡುತ್ತಿತ್ತು ಎಂದು ಕೇಳಿಕೊಳ್ಳುವಂತಿಲ್ಲ. ವಿವೇಕವುಳ್ಳ ಮಾಲೀಕ ತೆಗೆದುಕೊಳ್ಳಬಹುದಾದ ನಿರ್ಧಾರಗಳ ವ್ಯಾಪ್ತಿಯೊಳಗೆ ಇದು ಇದೆಯೇ ಎಂದಷ್ಟೇ ನೋಡಬೇಕು.

ಈಗ ಫಿಟ್ಟರ್‌ನ ಪ್ರಕರಣವನ್ನು ಆ ಎರಡು ಪ್ರಶ್ನೆಗಳ ಮುಂದಿಟ್ಟು ನೋಡೋಣ. ವಜಾಕ್ಕೆ ಕಾರಣವೇನು? ಕೆಲಸದ ಹೊತ್ತಿನಲ್ಲಿ ಟಿವಿ ನೋಡಿದ್ದು. ಕಂಪನಿ ಅದನ್ನು ಗಂಭೀರ ದುರ್ನಡತೆ ಎಂದು ಕರೆದಿತ್ತು. ಆ ಹೆಸರನ್ನು ಅದು ಈತನೊಬ್ಬನಿಗಾಗಿ ಹುಟ್ಟಿಸಿರಲಿಲ್ಲ, ಐವರಿಗೂ ಹಚ್ಚಿತ್ತು. ಗಂಭೀರ ದುರ್ನಡತೆಗೆ ಕಂಪನಿಯ ನಿಯಮದಲ್ಲಿ ವಜಾ ಶಿಕ್ಷೆ ಮೊದಲೇ ಇತ್ತು. ಅಂದರೆ ಹಳೆಯ ಪತ್ರವನ್ನು ಪೂರ್ತಿ ಬದಿಗಿಟ್ಟರೂ ಐವರನ್ನೂ ವಜಾ ಮಾಡುವ ಅಧಿಕಾರ ಕಂಪನಿಯ ಕೈಯಲ್ಲಿತ್ತು. ಹಳೆಯ ಪತ್ರ ಬೇಕಾದದ್ದು ಶಿಕ್ಷೆ ಏರಿಸಲಿಕ್ಕಲ್ಲ. ನಾಲ್ವರಿಗೆ ತೋರಿದ ದಯೆಯನ್ನು ಐದನೆಯವನಿಗೂ ತೋರಬೇಕೇ ಎಂದು ನಿರ್ಧರಿಸಲಿಕ್ಕೆ.

ತೀರ್ಪಿನ ತಿರುಳು ಈ ಭೇದದಲ್ಲಿದೆ. ಡಯೋಸಿಂತ್‌ನಲ್ಲಿ ಹೊಸ ತಪ್ಪಿನ ಮೇಲೆ ಮಾತ್ರ ವಜಾ ಮಾಡುವ ಮನಸ್ಸು ಕಂಪನಿಗೆ ಇರಲಿಲ್ಲ; ಮುಗಿದ ಎಚ್ಚರಿಕೆಯನ್ನು ಸೇರಿಸಿದ ಮೇಲಷ್ಟೇ ವಜಾ ಸಾಧ್ಯವಾಯಿತು. ಏರ್‌ಬಸ್‌ನಲ್ಲಿ ಹೊಸ ತಪ್ಪೇ ವಜಾಕ್ಕೆ ಮುಖ್ಯ ಕಾರಣ. ಹಳೆಯ ನಡತೆ ಎರಡನೆಯ ಪ್ರಶ್ನೆಯಲ್ಲಿ, ಅಂದರೆ ಸಮಂಜಸತೆಯ ಪರೀಕ್ಷೆಯಲ್ಲಿ, ಒಂದು ಸಂದರ್ಭವಾಗಿ ಬಂತು. ಎಲ್ಲ ಸಂದರ್ಭಗಳನ್ನು ನೋಡಿ ಎನ್ನುವ ಕಾಯ್ದೆಯ ಮಾತು ವಿಶಾಲವಾದದ್ದು. ಅವಧಿ ಮುಗಿದಿದೆ ಎಂಬ ಒಂದೇ ಕಾರಣಕ್ಕೆ, ನಡೆದದ್ದು ನಡೆದೇ ಇಲ್ಲ ಎಂದು ನಟಿಸಬೇಕೆಂದು ಅದು ಎಲ್ಲೂ ಹೇಳಿಲ್ಲ. ಮುಗಿದದ್ದು ಎಚ್ಚರಿಕೆಯ ಅವಧಿ. ಕಾರು ತೊಳೆದದ್ದು ನಡೆದ ಸಂಗತಿ, ಅದಕ್ಕೆ ಅವಧಿ ಇಲ್ಲ. ಏರ್‌ಬಸ್‌ನ ಮೇಲ್ಮನವಿಯನ್ನು ಕೋರ್ಟ್ ಎತ್ತಿಹಿಡಿಯಿತು.

ಇದನ್ನು ನೋಡಿ ಮಾಲೀಕರು ಹಳೆಯ ಕಡತಗಳನ್ನೆಲ್ಲ ಕೊಡವಿ ಹೊರತೆಗೆಯಬಾರದು ಎಂಬ ಎಚ್ಚರವೂ ತೀರ್ಪಿನಲ್ಲಿದೆ. ಅವಧಿ ಮುಗಿದ ಎಚ್ಚರಿಕೆಯನ್ನು ರೂಢಿಯಂತೆ ಬಳಸಲು ಇದು ಪರವಾನಗಿಯಲ್ಲ. ಹೊಸ ತಪ್ಪು ತಾನಾಗಿ ವಜಾಕ್ಕೆ ಸಾಲದ ಕಡೆ, ಮುಗಿದ ಎಚ್ಚರಿಕೆಯ ಬಲದಿಂದ ವಜಾ ಮಾಡಿದರೆ ಅದು ಸಮಂಜಸ ಎಂದು ತೋರಿಸುವುದು ಕಷ್ಟ.

ಈ ಭೇದ ಕಾಗದದ ಮೇಲೆ ಕಾಣುವಷ್ಟು ಅಚ್ಚುಕಟ್ಟಲ್ಲ ಎಂಬುದು ನನ್ನ ಅಭಿಪ್ರಾಯ. ನಾಲ್ವರು ಉಳಿದರು, ಒಬ್ಬ ಹೋದ. ಅವರ ನಡುವಿನ ವ್ಯತ್ಯಾಸ ಆ ಪತ್ರ ಮತ್ತು ಅದರ ಹಿಂದಿನ ಘಟನೆ ಮಾತ್ರ. ಫಿಟ್ಟರ್‌ನ ಕಡೆಯಿಂದ ನೋಡಿದರೆ, ಪತ್ರ ಇರದಿದ್ದರೆ ತಾನೂ ಉಳಿಯುತ್ತಿದ್ದೆ ಎಂಬ ಮಾತು ಅಕ್ಷರಶಃ ನಿಜ. ಡಯೋಸಿಂತ್‌ನವನೂ ಹೇಳಿದ್ದು ಅದನ್ನೇ. ಒಂದು ಕಡೆ ಪತ್ರ ಕೊನೆಯ ಕಾರಣ, ಇನ್ನೊಂದು ಕಡೆ ದಯೆ ನಿರಾಕರಿಸಲು ಕಾರಣ ಎಂದು ವಿಂಗಡಿಸುವುದು ವಕೀಲರಿಗೆ ಸುಲಭ. ಕೆಲಸ ಕಳೆದುಕೊಂಡವನಿಗೆ ಎರಡೂ ಒಂದೇ. ಆದರೂ ಕೋರ್ಟ್ ಆಫ್ ಅಪೀಲ್ ಹೇಳಿದ್ದೇ ಸರಿ ಎನ್ನುತ್ತೇನೆ. ಇಲ್ಲದಿದ್ದರೆ ಪರಿಣಾಮ ವಿಚಿತ್ರವಾಗುತ್ತಿತ್ತು: ಈತನನ್ನು ವಜಾ ಮಾಡಬೇಕೆಂದರೆ ಮೊದಲ ಸಲ ತಪ್ಪಿದ ನಾಲ್ವರನ್ನೂ ವಜಾ ಮಾಡಬೇಕು, ಆ ನಾಲ್ವರನ್ನು ಉಳಿಸಿಕೊಳ್ಳಬೇಕೆಂದರೆ ಈತನನ್ನೂ ಉಳಿಸಿಕೊಳ್ಳಬೇಕು. ಮೊದಲನೆಯದನ್ನೇ ಆಯ್ದುಕೊಳ್ಳುವ ಮಾಲೀಕರು ಕಡಿಮೆಯೇನಿರಲಿಕ್ಕಿಲ್ಲ.

ಹದಿನೆಂಟನೆಯ ಸಲ

ಏರ್‌ಬಸ್ ತೀರ್ಪಿನ ಗಡಿ ಎಲ್ಲಿ ಎಂಬುದನ್ನು ಮುಂದೊಂದು ಪ್ರಕರಣ ಪರೀಕ್ಷಿಸಿತು. ಆಟೋ ಟ್ರೇಲ್ ಎಂಬ ಕಂಪನಿಯಲ್ಲಿ 2001ರಿಂದ ದುಡಿಯುತ್ತಿದ್ದ ಒಬ್ಬ ಕೆಲಸಗಾರ 2014ರಲ್ಲಿ ಕಾರ್ಖಾನೆಯ ಒಳಗೆ ಮೊಬೈಲ್ ಕೈಯಲ್ಲಿ ಹಿಡಿದು ಸಿಕ್ಕಿಬಿದ್ದ. ಕಂಪನಿಯ ನಿಯಮದಲ್ಲಿ ಅದಕ್ಕೆ ಕಟ್ಟುನಿಟ್ಟಿನ ನಿಷೇಧವಿತ್ತು. ಆದರೆ ಅದು ಗಂಭೀರ ದುರ್ನಡತೆಯಲ್ಲ ಎಂದು ಕಂಪನಿಯೇ ಒಪ್ಪಿತು. ಆ ಹೊತ್ತಿಗೆ ಚಾಲ್ತಿಯಲ್ಲಿದ್ದ ಎಚ್ಚರಿಕೆ ಒಂದೂ ಇರಲಿಲ್ಲ. ಕಡತದಲ್ಲಿ ಇದ್ದದ್ದು ಹದಿನೇಳು ಹಿಂದಿನ ಶಿಸ್ತಿನ ಪ್ರಸಂಗಗಳು, ಎಲ್ಲವೂ ಅವಧಿ ಮುಗಿದವು.

ಡಯೋಸಿಂತ್‌ನ ಅಳತೆಗೋಲು ಹಿಡಿದರೆ ಈ ವಜಾ ನಿಲ್ಲಬಾರದು: ಹೊಸ ತಪ್ಪು ಸಣ್ಣದು, ಎಚ್ಚರಿಕೆಗಳೆಲ್ಲ ಮುಗಿದಿವೆ. ಆದರೂ 2016ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ವಜಾವನ್ನು ಎತ್ತಿಹಿಡಿಯಿತು. ಇಲ್ಲಿ ತೂಕಕ್ಕೆ ಬಂದದ್ದು ಯಾವುದೋ ಒಂದು ಮುಗಿದ ಎಚ್ಚರಿಕೆಯಲ್ಲ. ಹದಿನೇಳು ಸಲ ಹೇಳಿದರೂ ತಿದ್ದಿಕೊಳ್ಳದ, ಇನ್ನೊಂದು ಎಚ್ಚರಿಕೆ ಕೊಟ್ಟರೂ ತಿದ್ದಿಕೊಳ್ಳುವ ಭರವಸೆ ಮೂಡಿಸದ ಮನೋಭಾವ. ಮುಂದೆಯೂ ಹೀಗೇ ಆಗುತ್ತದೆ ಎಂದು ಮ್ಯಾನೇಜರ್ ಊಹಿಸಿದ್ದು ಅಸಮಂಜಸವಲ್ಲ ಎಂದಾಯಿತು. ಈ ತೀರ್ಪನ್ನು ಸಾಮಾನ್ಯ ನಿಯಮ ಎಂದು ಓದಿಕೊಂಡರೆ ಅಪಾಯವಿದೆ. ಹದಿನೇಳು ಎಂಬುದು ದೊಡ್ಡ ಸಂಖ್ಯೆ. ಎರಡೋ ಮೂರೋ ಹಳೆಯ ಪತ್ರ ಇಟ್ಟುಕೊಂಡು ಇದೇ ವಾದ ಹೂಡಿದರೆ ಡಯೋಸಿಂತ್ ತೀರ್ಪು ಅಡ್ಡ ಬರುತ್ತದೆ.

ಮೈಸೂರು ರಾಜ್ಯದ ಒಂದು ವಜಾ

ಇದೇ ಗಂಟನ್ನು ನಮ್ಮ ಕಡೆ ಬೇರೆ ತುದಿಯಿಂದ ಹಿಡಿದವರು ಇದ್ದಾರೆ, ಅದೂ ಏರ್‌ಬಸ್ ತೀರ್ಪಿಗಿಂತ ನಲವತ್ತೈದು ವರ್ಷ ಮೊದಲೇ. ಸರ್ವೋಚ್ಚ ನ್ಯಾಯಾಲಯ 1963ರಲ್ಲಿ ತೀರ್ಮಾನಿಸಿದ, ಮೈಸೂರು ರಾಜ್ಯ ಮತ್ತು ಮಂಚೇಗೌಡ ಎಂಬ ಹೆಸರಿನ ಪ್ರಕರಣವನ್ನು ಸರ್ಕಾರಿ ನೌಕರರ ಶಿಸ್ತು ವಿಚಾರಣೆಯಲ್ಲಿ ಇಂದಿಗೂ ಉಲ್ಲೇಖಿಸುತ್ತಾರೆ.

ಬೆಂಗಳೂರಿನಲ್ಲಿದ್ದ ಒಬ್ಬ ಅಧಿಕಾರಿಯ ಮೇಲೆ ಸುಳ್ಳು ಭತ್ಯೆ ಪಡೆದ, ಅದಕ್ಕಾಗಿ ವೋಚರ್‌ಗಳನ್ನು ಸೃಷ್ಟಿಸಿದ ಆರೋಪ ಬಂತು. ವಿಚಾರಣೆ ನಡೆಯಿತು, ಆರೋಪ ಸಾಬೀತಾಯಿತು. ವಿಚಾರಣಾಧಿಕಾರಿ ಶಿಫಾರಸು ಮಾಡಿದ್ದು ಹಿಂಬಡ್ತಿ. ಸರ್ಕಾರ ಅದಕ್ಕಿಂತ ಮುಂದೆ ಹೋಗಿ, ನಿಮ್ಮನ್ನೇಕೆ ವಜಾ ಮಾಡಬಾರದು ಎಂದು ಕಾರಣ ಕೇಳುವ ನೋಟಿಸ್ ಕೊಟ್ಟಿತು. ಆ ನೋಟಿಸಿನಲ್ಲಿ ಹಳೆಯ ಸೇವಾ ದಾಖಲೆಯ ಸುದ್ದಿಯೇ ಇರಲಿಲ್ಲ. ಅಂತಿಮ ಆದೇಶ ಬಂದಾಗ ನೋಡಿದರೆ, ಹಿಂಬಡ್ತಿ ಸಾಲದು, ವಜಾವೇ ಆಗಬೇಕು ಎನ್ನಲು ಕೊಟ್ಟ ಸಮರ್ಥನೆ ಆ ಅಧಿಕಾರಿಯ ಹಿಂದಿನ ದಾಖಲೆ.

ಅಧಿಕಾರಿ ಹೈಕೋರ್ಟಿನಲ್ಲಿ ಗೆದ್ದರು. ಸರ್ಕಾರ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ಸರ್ಕಾರದ ವಾದ ಮೇಲ್ನೋಟಕ್ಕೆ ಚುರುಕಾದದ್ದು: ಅವರ ದಾಖಲೆ ಅವರಿಗೇ ಗೊತ್ತಿರುತ್ತದೆಯಲ್ಲ, ಅದನ್ನು ಮತ್ತೆ ಯಾಕೆ ಹೇಳಬೇಕು? ನ್ಯಾಯಮೂರ್ತಿ ಕೆ. ಸುಬ್ಬರಾವ್ ಬರೆದ ತೀರ್ಪು ಈ ವಾದವನ್ನು ತಳ್ಳಿಹಾಕಿದ ರೀತಿ ನನಗೆ ಬಹಳ ಇಷ್ಟ. ನೌಕರನಿಗೆ ತಿಳಿಯಬೇಕಾದದ್ದು ಹಳೆಯ ಸಂಗತಿಗಳಲ್ಲ. ಆ ಸಂಗತಿಗಳನ್ನು ಈ ಶಿಕ್ಷೆಗೆ ಲೆಕ್ಕ ಹಿಡಿಯುತ್ತಾರೆ ಎಂಬುದು. ಅದು ತಿಳಿದರೆ ಅವನಿಗೂ ಹೇಳಲು ಮಾತಿರಬಹುದು. ಮೇಲಧಿಕಾರಿ ಬರೆದ ಟಿಪ್ಪಣಿ ತನ್ನ ಗಮನಕ್ಕೇ ಬಂದಿರಲಿಲ್ಲ ಎನ್ನಬಹುದು. ಆಗಿನ ತಪ್ಪಿಗೆ ಸಮಾಧಾನವಿತ್ತು ಎನ್ನಬಹುದು. ಆಮೇಲಿನ ತನ್ನ ನಡತೆಯನ್ನು ಮೇಲಿನವರೇ ಮೆಚ್ಚಿದ್ದಾರೆ ಎಂದು ತೋರಿಸಬಹುದು. ಹಿಂದಿನ ದಾಖಲೆಯನ್ನು ನೋಡುವುದಕ್ಕೆ ಅಡ್ಡಿಯಿಲ್ಲ, ಯಾಕೆಂದರೆ ಅದು ತಪ್ಪು ಮಾಡಿದನೇ ಎಂಬುದಕ್ಕಿಂತ ಎಷ್ಟು ಶಿಕ್ಷೆ ಎಂಬುದಕ್ಕೆ ಸಂಬಂಧಿಸಿದ್ದು. ಆದರೆ ಶಿಕ್ಷೆಗೆ ಮುಖ್ಯ ಆಧಾರ ಅದೇ ಆಗಿದ್ದು, ನೋಟಿಸಿನಲ್ಲಿ ಅದನ್ನು ಹೇಳದಿದ್ದರೆ, ಶಿಕ್ಷೆಯ ಮುಖ್ಯ ಕಾರಣವನ್ನೇ ಬಚ್ಚಿಟ್ಟ ಹಾಗೆ.

ಭಾರತದಲ್ಲಿ ಬ್ರಿಟನ್ನಿನ ಆರು, ಹನ್ನೆರಡು ತಿಂಗಳ ರೂಢಿ ಬೇರುಬಿಟ್ಟಿಲ್ಲ. 2025ರವರೆಗೆ ಜಾರಿಯಲ್ಲಿದ್ದ 1946ರ ಸ್ಥಾಯಿ ಆದೇಶಗಳ ಕಾಯ್ದೆಯಡಿ ಕೇಂದ್ರ ಸರ್ಕಾರ ರೂಪಿಸಿದ್ದ ಮಾದರಿ ಆದೇಶ, ಶಿಕ್ಷೆ ವಿಧಿಸುವಾಗ ತಪ್ಪಿನ ಗಾಂಭೀರ್ಯದ ಜೊತೆಗೆ ಕಾರ್ಮಿಕನ ಹಿಂದಿನ ದಾಖಲೆಯನ್ನೂ ಗಮನಿಸಬೇಕು ಎನ್ನುತ್ತಿತ್ತು. ಎಷ್ಟು ವರ್ಷ ಹಿಂದಿನದು ಎಂಬ ಗೆರೆ ಅದರಲ್ಲಿರಲಿಲ್ಲ. ಗಮನಿಸಬೇಕು ಎಂಬ ಮಾತು ನೌಕರನ ಪರವಾಗಿಯೂ ಕೆಲಸ ಮಾಡುತ್ತದೆ ಎಂಬುದನ್ನು ಆಡಳಿತಗಳು ಮರೆಯುವುದುಂಟು: ಇಪ್ಪತ್ತು ವರ್ಷ ಒಂದೂ ಕಪ್ಪುಚುಕ್ಕೆ ಇಲ್ಲದೆ ದುಡಿದದ್ದೂ ಹಿಂದಿನ ದಾಖಲೆಯೇ. ಹೀಗೆ ಬ್ರಿಟನ್ನು ಕಾಲದ ಗಡಿಯಿಂದ ನೌಕರನನ್ನು ಕಾಯಲು ಹೊರಟರೆ, ಮಂಚೇಗೌಡ ಪ್ರಕರಣ ಮುಂಚಿತ ತಿಳಿವಳಿಕೆಯಿಂದ ಕಾಯಿತು. ಹತ್ತು ವರ್ಷ ಹಳೆಯ ಎಚ್ಚರಿಕೆಯನ್ನೂ ನೀವು ಬಳಸಬಹುದು, ಆದರೆ ಬಳಸುತ್ತೇನೆ ಎಂದು ಮೊದಲು ಹೇಳಿ, ಅವನ ಮಾತು ಕೇಳಿ.

ಕಾಲಾಂತರದಲ್ಲಿ ಈ ರಕ್ಷಣೆ ಸ್ವಲ್ಪ ಸಡಿಲವಾಗಿದೆ. 1976ರ ಸಂವಿಧಾನ ತಿದ್ದುಪಡಿ, ಪ್ರಸ್ತಾಪಿತ ಶಿಕ್ಷೆಯ ಬಗ್ಗೆ ಸರ್ಕಾರಿ ನೌಕರನಿಗೆ ಎರಡನೆಯ ನೋಟಿಸ್ ಕೊಡಬೇಕೆಂಬ ಕಟ್ಟಳೆಯನ್ನು ತೆಗೆದುಹಾಕಿತು. ಮುಂದೆ ಬಿಶಂಬರ್ ದಾಸ್ ಡೋಗ್ರಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ, ಹಿಂದಿನ ದಾಖಲೆಯನ್ನು ಬಳಸುವುದಾದರೆ ನೌಕರನಿಗೆ ತಿಳಿಸುವುದು ಒಳ್ಳೆಯದು ಎಂದಿತು. ಆದರೆ ಈಗಿನ ತಪ್ಪು ತಾನೇ ಗಂಭೀರವಾಗಿದ್ದು, ಆಗಲೇ ತೆಗೆದುಕೊಂಡ ನಿರ್ಧಾರಕ್ಕೆ ಹಳೆಯ ದಾಖಲೆ ಇನ್ನಷ್ಟು ತೂಕ ಸೇರಿಸುವುದಷ್ಟೇ ಆದರೆ, ತಿಳಿಸದಿದ್ದರೂ ಶಿಕ್ಷೆ ರದ್ದಾಗುವುದಿಲ್ಲ ಎಂದೂ ಹೇಳಿತು. ಏರ್‌ಬಸ್ ಮತ್ತು ಡಯೋಸಿಂತ್ ನಡುವಿನ ಗೆರೆ ಇಲ್ಲೂ ಅದೇ ಜಾಗದಲ್ಲಿ ಬಿದ್ದಿದೆ: ಹಳೆಯದು ಮುಖ್ಯ ಕಾರಣವೋ, ಪಕ್ಕದ ಸಂಗತಿಯೋ?

ಕಡತವನ್ನು ಓದುವ ಬಗೆ

ಒಂದು ವಜಾ ಈ ಗೆರೆಯ ಯಾವ ಬದಿಗೆ ಬೀಳುತ್ತದೆ ಎಂದು ತಿಳಿಯಲು ನಾನು ಮಾಡುವುದು ಒಂದೇ ಕೆಲಸ. ವಜಾ ಪತ್ರದಲ್ಲಿ ಹಳೆಯ ಎಚ್ಚರಿಕೆಯ ಬಗ್ಗೆ ಇರುವ ಸಾಲುಗಳನ್ನು ಕೈಯಿಂದ ಮುಚ್ಚಿ, ಉಳಿದದ್ದನ್ನು ಓದುತ್ತೇನೆ. ಉಳಿದದ್ದು ತಾನಾಗಿ ನಿಂತರೆ ಅದು ಏರ್‌ಬಸ್‌ನ ಜಾತಿ. ಕುಸಿದುಬಿದ್ದರೆ ಡಯೋಸಿಂತ್. ಆಮೇಲೆ ಅದೇ ಘಟನೆಯಲ್ಲಿದ್ದ ಬೇರೆಯವರ ಪತ್ರಗಳನ್ನು ಕೇಳುತ್ತೇನೆ. ಅವರಿಗೂ ಗಂಭೀರ ದುರ್ನಡತೆ ಎಂದೇ ಬರೆದಿದ್ದಾರೆಯೇ? ಏರ್‌ಬಸ್ ಗೆಲ್ಲಲು ಈ ಸಣ್ಣ ವಿಷಯ ಬಹಳ ನೆರವಾಯಿತು. ನಾಲ್ವರ ತಪ್ಪನ್ನು ಸಣ್ಣದೆಂದು ಬರೆದು, ಐದನೆಯವನದನ್ನು ಮಾತ್ರ ಗಂಭೀರ ಎಂದು ಬರೆದಿದ್ದರೆ, ಹಳೆಯ ಪತ್ರವೇ ತಪ್ಪಿನ ಮಟ್ಟವನ್ನು ಏರಿಸಿದೆ ಎಂಬ ವಾದವನ್ನು ತಪ್ಪಿಸಿಕೊಳ್ಳಲು ಕಂಪನಿಗೆ ದಾರಿ ಇರುತ್ತಿರಲಿಲ್ಲ.

ಎಚ್ಚರಿಕೆ ಪತ್ರ ಬರೆಯುವವರು ಎಡವುವುದು ಹೆಚ್ಚಾಗಿ ಒಂದೇ ಸಾಲಿನಲ್ಲಿ. ಈ ಎಚ್ಚರಿಕೆ ಹನ್ನೆರಡು ತಿಂಗಳು ಚಾಲ್ತಿಯಲ್ಲಿರುತ್ತದೆ ಎಂದು ಬರೆಯುವುದು ಒಂದು. ಹನ್ನೆರಡು ತಿಂಗಳ ನಂತರ ಇದನ್ನು ಕಡತದಿಂದ ತೆಗೆದುಹಾಕಲಾಗುವುದು, ಮುಂದೆ ಯಾವುದೇ ಶಿಸ್ತು ಕ್ರಮದಲ್ಲಿ ಪರಿಗಣಿಸುವುದಿಲ್ಲ ಎಂದು ಬರೆಯುವುದು ಇನ್ನೊಂದು. ಎರಡನೆಯ ರೀತಿಯಲ್ಲಿ ಬರೆದುಕೊಟ್ಟು, ಆಮೇಲೆ ಅದೇ ಘಟನೆಯನ್ನು ನೆನಪಿಸಿದರೆ, ನೌಕರನ ಕೈಯಲ್ಲಿ ಕಂಪನಿಯ ಸಹಿ ಇರುವ ಭರವಸೆಯೇ ಇರುತ್ತದೆ. ಅವಧಿ ಯಾವ ದಿನದಿಂದ ಎಣಿಕೆ ಎಂಬುದೂ ಹಾಗೇ. ಘಟನೆ ನಡೆದ ದಿನವೇ, ಪತ್ರ ಕೊಟ್ಟ ದಿನವೇ, ಮೇಲ್ಮನವಿ ಇತ್ಯರ್ಥವಾದ ದಿನವೇ? ಮೂರು ವಾರದ ಅಂತರ ಮೂರು ಹಂತದ ವ್ಯಾಜ್ಯವಾದದ್ದನ್ನು ನೋಡಿದ ಮೇಲೆ, ಪತ್ರದಲ್ಲಿ ತಿಂಗಳ ಲೆಕ್ಕ ಬರೆದು ಬಿಡುವ ಬದಲು ಕೊನೆಯ ದಿನಾಂಕವನ್ನೇ ಬರೆಯುವುದು ಎರಡೂ ಕಡೆಯವರಿಗೆ ಕ್ಷೇಮ.

ವಿದೇಶಿ ಮೂಲ ಕಂಪನಿಯ ನಿಯಮಾವಳಿಯನ್ನು ಹಾಗೇ ತಂದಿಟ್ಟುಕೊಂಡಿರುವ ಬೆಂಗಳೂರಿನ ಕಚೇರಿಯಲ್ಲಿ ದುಡಿಯುವವರು ಈ ಎರಡು ಪದ್ಧತಿಗಳ ನಡುವೆ ಸಿಕ್ಕಿಕೊಂಡಿರುತ್ತಾರೆ. ನಿಯಮಾವಳಿಯಲ್ಲಿ ಎಚ್ಚರಿಕೆಗೆ ಅವಧಿ ಇದ್ದರೆ ಅದು ಕಂಪನಿ ತಾನೇ ಕೊಟ್ಟ ಮಾತು; ಅದನ್ನು ಉಲ್ಲೇಖಿಸಿ ಉತ್ತರ ಬರೆಯಬೇಕು. ಅವಧಿ ಇಲ್ಲದಿದ್ದರೆ, ಕಾರಣ ಕೇಳುವ ನೋಟಿಸಿನಲ್ಲಿ ಹಳೆಯ ಎಚ್ಚರಿಕೆಯ ಪ್ರಸ್ತಾಪ ಇದೆಯೇ ಎಂದು ಮೊದಲು ನೋಡಬೇಕು. ಇದ್ದರೆ ಅದನ್ನು ಕಡೆಗಣಿಸಿ ಹೊಸ ಆರೋಪಕ್ಕೆ ಮಾತ್ರ ಉತ್ತರಿಸುವುದು ತಪ್ಪಾಗುತ್ತದೆ. ಆ ಎಚ್ಚರಿಕೆಯ ನಂತರ ಬಂದ ವೇತನ ಬಡ್ತಿ, ಮೆಚ್ಚುಗೆಯ ಇಮೇಲ್, ವಾರ್ಷಿಕ ಮೌಲ್ಯಮಾಪನ ಎಲ್ಲವನ್ನೂ ಲಗತ್ತಿಸಿ, ತಿದ್ದಿಕೊಂಡಿದ್ದೇನೆ ಎಂಬುದನ್ನು ದಿನಾಂಕ ಸಹಿತ ಹೇಳಬೇಕು. ಪ್ರಸ್ತಾಪ ಇಲ್ಲದೆ ವಜಾ ಆದೇಶದಲ್ಲಿ ಮಾತ್ರ ಅದು ಪ್ರತ್ಯಕ್ಷವಾದರೆ, ನೋಟಿಸ್ ಮತ್ತು ಆದೇಶ ಎರಡನ್ನೂ ಅಕ್ಕಪಕ್ಕ ಇಟ್ಟು, ಆ ಸಾಲಿಗೆ ಗುರುತು ಹಾಕಿ ವಕೀಲರ ಬಳಿ ಒಯ್ಯಬೇಕು.